ಎರಡು ಲ್ಯಾಚ್ ಸೇರಿ ಒಂದು ಫ್ಲಿಪ್-ಫ್ಲಾಪ್: ಮಾಸ್ಟರ್-ಸ್ಲೇವ್ ಜೋಡಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕದಲ್ಲಿ ಡಿ ಫ್ಲಿಪ್-ಫ್ಲಾಪ್ ಎಂದರೆ ಒಂದು ಚೌಕ, ಕ್ಲಾಕ್ ಪಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ. ಆ ತ್ರಿಕೋನ ಇದ್ದರೆ ಎಡ್ಜ್-ಟ್ರಿಗರ್ಡ್ ಎಂದು ಬರೆದುಕೊಂಡು ಮುಂದೆ ಹೋಗುತ್ತೇವೆ. ಅದರ ಒಳಗೆ ನಿಜಕ್ಕೂ ಏನಿದೆ ಎಂದು ಕೇಳುವವರಿಗಾಗಿ ಈ ಪುಟ. ಗೇಟ್‌ಗಳ ಪರಿಚಯ ಇದ್ದರೆ ಸಾಕು. ಕ್ಲಾಕ್ ಸೊನ್ನೆಯಲ್ಲಿದ್ದರೆ ಲೋ, ಒಂದರಲ್ಲಿದ್ದರೆ ಹೈ ಎನ್ನುತ್ತೇನೆ. ಬೇರೆ ಏನೂ ಹೇಳದಿದ್ದರೆ ಮಾತು ರೈಸಿಂಗ್ ಎಡ್ಜ್ ಬಗ್ಗೆಯೇ, ಅಂದರೆ ಕ್ಲಾಕ್ ಲೋನಿಂದ ಹೈಗೆ ಏರುವ ಗಳಿಗೆಯ ಬಗ್ಗೆ.

## ಲ್ಯಾಚ್‌ಗೂ ಫ್ಲಿಪ್-ಫ್ಲಾಪ್‌ಗೂ ವ್ಯತ್ಯಾಸ ಏನು?

ಎರಡೂ ಒಂದು ಬಿಟ್ ನೆನಪಿಟ್ಟುಕೊಳ್ಳುತ್ತವೆ. ಯಾವಾಗ ಒಳಗಿನದನ್ನು ಬದಲಿಸಲು ಬಿಡುತ್ತವೆ ಎನ್ನುವುದರಲ್ಲಿ ವ್ಯತ್ಯಾಸ.

ಡಿ ಲ್ಯಾಚ್‌ಗೆ ಎನೇಬಲ್ ಎಂಬ ಒಂದು ಪಿನ್ ಇರುತ್ತದೆ. ಎನೇಬಲ್ ಹೈ ಇರುವಷ್ಟು ಹೊತ್ತೂ ಲ್ಯಾಚ್ ತೆರೆದಿರುತ್ತದೆ: ಇನ್‌ಪುಟ್ D ಹತ್ತು ಸಲ ಬದಲಾದರೆ ಔಟ್‌ಪುಟ್ Q ಕೂಡ ಹತ್ತು ಸಲ ಬದಲಾಗುತ್ತದೆ. ಎನೇಬಲ್ ಲೋ ಆದ ಕೂಡಲೇ ಲ್ಯಾಚ್ ಮುಚ್ಚಿಕೊಳ್ಳುತ್ತದೆ, ಆ ಗಳಿಗೆಯಲ್ಲಿ ಇದ್ದ ಬೆಲೆಯನ್ನೇ ಹಿಡಿದುಕೊಂಡು ಕೂರುತ್ತದೆ. ಹೀಗೆ ಮಟ್ಟ ನೋಡಿ ನಡೆಯುವುದಕ್ಕೇ ಲೆವೆಲ್-ಸೆನ್ಸಿಟಿವ್ ಎನ್ನುವುದು.

ಫ್ಲಿಪ್-ಫ್ಲಾಪ್ ಹಾಗಲ್ಲ. ಕ್ಲಾಕ್ ಲೋನಿಂದ ಹೈಗೆ ಏರುವ ಆ ಕ್ಷಣದಲ್ಲಿ D ಎಷ್ಟಿತ್ತೋ ಅದು Qಗೆ ಬರುತ್ತದೆ. ಮುಂದಿನ ಏರಿಕೆಯವರೆಗೆ D ಏನೇ ಕುಣಿದರೂ Q ಅಲ್ಲಾಡುವುದಿಲ್ಲ.

## ಕ್ಲಾಕನ್ನು ಎನೇಬಲ್‌ಗೆ ಕೊಟ್ಟು ಒಂದೇ ಲ್ಯಾಚ್‌ನಲ್ಲಿ ಕೆಲಸ ಮುಗಿಸಬಾರದೇ?

ಡೇಟಾ ಒಂದೇ ದಿಕ್ಕಿನಲ್ಲಿ ಹರಿದು ಹೋಗುವಲ್ಲಿ ಮುಗಿಸಬಹುದು. ಔಟ್‌ಪುಟ್ ಸುತ್ತಿ ಬಂದು ಮತ್ತೆ ಇನ್‌ಪುಟ್‌ಗೆ ಸೇರುವಲ್ಲಿ ಅದು ಕೈಕೊಡುತ್ತದೆ. ಕೌಂಟರ್, ಸ್ಟೇಟ್ ಮಷೀನ್ ಎಲ್ಲವೂ ಈ ಜಾತಿಯವೇ.

ಅತಿ ಸರಳ ಉದಾಹರಣೆ, ಆವೃತ್ತಿಯನ್ನು ಎರಡರಿಂದ ಭಾಗಿಸುವ ಸರ್ಕ್ಯೂಟ್. Qನ ವಿಲೋಮವನ್ನು ತಂದು Dಗೆ ಕಟ್ಟುತ್ತೇವೆ. ಪ್ರತಿ ಕ್ಲಾಕ್‌ಗೆ Q ಒಮ್ಮೆ ಮಾತ್ರ ತಿರುಗಬೇಕು ಎನ್ನುವುದು ಆಸೆ. ಇಲ್ಲಿ ಲ್ಯಾಚ್ ಇಟ್ಟರೆ, ಎನೇಬಲ್ ಹೈ ಆದ ಕೂಡಲೇ Q ತಿರುಗುತ್ತದೆ, ಅದರ ವಿಲೋಮ Dಗೆ ಬರುತ್ತದೆ, ಲ್ಯಾಚ್ ಇನ್ನೂ ತೆರೆದೇ ಇರುವುದರಿಂದ Q ಮತ್ತೆ ತಿರುಗುತ್ತದೆ. ಒಳಗಿನ ತಡ 11 ನ್ಯಾನೋಸೆಕೆಂಡ್ ಎಂದುಕೊಂಡರೆ 22 ನ್ಯಾನೋಸೆಕೆಂಡಿಗೊಂದು ಪೂರ್ಣ ಆವರ್ತ, ಅಂದರೆ ಸುಮಾರು 45 ಮೆಗಾಹರ್ಟ್ಸ್‌ನ ಆಸಿಲೇಟರ್ ನಿಮ್ಮ ಕೈಯಲ್ಲಿದೆ. ಎನೇಬಲ್ ಲೋ ಆದಾಗ ಅದು ಸೊನ್ನೆಯಲ್ಲಿ ನಿಂತಿತೋ ಒಂದರಲ್ಲಿ ನಿಂತಿತೋ ಅದೃಷ್ಟಕ್ಕೆ ಬಿಟ್ಟದ್ದು. ಎಲ್ಇಡಿ ಹಾಕಿ ನೋಡಿದರೆ ಕ್ಲಾಕ್ ಹೈ ಇರುವಾಗ ಅರ್ಧ ಬೆಳಕಿನಲ್ಲಿ ಉರಿಯುತ್ತದೆ. ಆ ಮಂಕು ಬೆಳಕು ಕಂಡರೆ ಲೂಪ್ ಓಡುತ್ತಿದೆ ಎಂದು ತಿಳಿಯಿರಿ.

ಎನೇಬಲ್ ಪಲ್ಸನ್ನೇ 11 ನ್ಯಾನೋಸೆಕೆಂಡಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ ಕೊಟ್ಟರೆ ಲ್ಯಾಚ್ ಒಮ್ಮೆ ಮಾತ್ರ ತಿರುಗೀತು. ಪಲ್ಸ್ಡ್ ಲ್ಯಾಚ್ ಎಂಬ ಆ ಉಪಾಯವನ್ನು ವೇಗದ ಚಿಪ್‌ಗಳಲ್ಲಿ ಬಳಸಿದ್ದೂ ಇದೆ. ಆದರೆ ಪಲ್ಸ್ ತೀರಾ ಚಿಕ್ಕದಾದರೆ ಲ್ಯಾಚ್ ಹಿಡಿಯುವುದೇ ಇಲ್ಲ, ತುಸು ಉದ್ದವಾದರೆ ಎರಡು ಸಲ ತಿರುಗುತ್ತದೆ. ಬಿಸಿಲಿಗೆ ಚಿಪ್ ಕಾದರೂ ಲೆಕ್ಕ ತಪ್ಪುತ್ತದೆ. ಮಾಸ್ಟರ್-ಸ್ಲೇವ್ ಜೋಡಿಗೆ ಇಂಥ ನಾಜೂಕಿನ ಪಲ್ಸ್ ಬೇಕಿಲ್ಲ.

## ಹಾಗಾದರೆ ಎರಡು ಲ್ಯಾಚ್‌ಗಳನ್ನು ಹೇಗೆ ಜೋಡಿಸಬೇಕು?

ಒಂದರ ಹಿಂದೆ ಒಂದು. ಮೊದಲನೆಯದು ಮಾಸ್ಟರ್, ಅದರ ಔಟ್‌ಪುಟ್ಟನ್ನು M ಎನ್ನೋಣ. M ಹೋಗಿ ಎರಡನೆಯ ಲ್ಯಾಚ್‌ನ, ಅಂದರೆ ಸ್ಲೇವ್‌ನ, ಇನ್‌ಪುಟ್‌ಗೆ ಸೇರುತ್ತದೆ. ಸ್ಲೇವ್‌ನ ಔಟ್‌ಪುಟ್ಟೇ Q. ಸ್ಲೇವ್‌ಗೆ ಕ್ಲಾಕನ್ನು ನೇರವಾಗಿ ಕೊಡಿ, ಮಾಸ್ಟರ್‌ಗೆ ಇನ್ವರ್ಟರ್ ಮೂಲಕ ತಿರುಗಿಸಿ ಕೊಡಿ. ಅಷ್ಟೇ.

ಈಗ ಕ್ಲಾಕ್ ಲೋ ಇದ್ದಾಗ ಮಾಸ್ಟರ್ ತೆರೆದಿರುತ್ತದೆ, ಸ್ಲೇವ್ ಮುಚ್ಚಿರುತ್ತದೆ. ಹೈ ಇದ್ದಾಗ ಮಾಸ್ಟರ್ ಮುಚ್ಚಿ ಸ್ಲೇವ್ ತೆರೆದಿರುತ್ತದೆ. ಹುಳ ಒಳಗೆ ನುಗ್ಗದಂತೆ ಪಾಲಿಹೌಸ್‌ಗೆ ಎರಡು ಬಾಗಿಲಿಟ್ಟು, ಹೊರಗಿನದು ಮುಚ್ಚಿದ ಮೇಲೆಯೇ ಒಳಗಿನದನ್ನು ತೆಗೆಯುತ್ತಾರಲ್ಲ, ಇದೂ ಅದೇ ಏರ್ಪಾಡು. ಯಾವ ಗಳಿಗೆಯಲ್ಲಿ ನೋಡಿದರೂ Dಯಿಂದ Qವರೆಗೆ ನೇರ ದಾರಿ ತೆರೆದಿರುವುದಿಲ್ಲ.

## ಒಂದು ಉದಾಹರಣೆಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತೀರಾ?

ಕ್ಲಾಕ್‌ನ ಅವಧಿ 100 ನ್ಯಾನೋಸೆಕೆಂಡ್ ಇರಲಿ. 0ಯಿಂದ 50ರವರೆಗೆ ಲೋ, 50ರಿಂದ 100ರವರೆಗೆ ಹೈ, ಮತ್ತೆ ಹಾಗೆಯೇ. ಈ ನಡುವೆ Dಯನ್ನು ಬೇಕೆಂದೇ ಹುಚ್ಚಾಪಟ್ಟೆ ಕುಣಿಸೋಣ. ಗೇಟ್‌ಗಳ ತಡವನ್ನು ಸದ್ಯಕ್ಕೆ ಮರೆಯೋಣ.

```
 t(ns)  clk  D   M   Q
   0     0   0   0   0
  20     0   1   1   0
  35     0   0   0   0
  42     0   1   1   0
  50     1   1   1   1
  70     1   0   1   1
  80     1   1   1   1
  90     1   0   1   1
 100     0   0   0   1
 150     1   0   0   0
```

M ಸಾಲನ್ನು ಮೇಲಿನಿಂದ ಕೆಳಗೆ ಓದಿ. ಮೊದಲ 50 ನ್ಯಾನೋಸೆಕೆಂಡ್ ಅದು Dಯ ನೆರಳಿನಂತೆ ಬದಲಾಗುತ್ತಿದೆ, ಆದರೆ ಸ್ಲೇವ್ ಮುಚ್ಚಿರುವುದರಿಂದ ಆ ಗದ್ದಲ Qಗೆ ಮುಟ್ಟುವುದಿಲ್ಲ. 50ಕ್ಕೆ ಕ್ಲಾಕ್ ಏರಿತು, ಮಾಸ್ಟರ್ ಮುಚ್ಚಿತು, ಕೊನೆಯದಾಗಿ ಕಂಡ 1 ಅದರೊಳಗೆ ಉಳಿಯಿತು. ಸ್ಲೇವ್ ತೆರೆದು ಆ 1ನ್ನು Qಗೆ ಕೊಟ್ಟಿತು. 70, 80, 90ರಲ್ಲಿ D ಕುಣಿದಾಗ ಸ್ಲೇವ್ ತೆರೆದೇ ಇದೆ, ಆದರೂ Q ಅಲ್ಲಾಡಲಿಲ್ಲ. ಸ್ಲೇವ್ ನೋಡುತ್ತಿರುವುದು Dಯನ್ನಲ್ಲ, Mನ್ನು. M ಮುಚ್ಚಿದ ಮಾಸ್ಟರ್‌ನೊಳಗೆ ಭದ್ರವಾಗಿದೆ.

100ರ ಸಾಲು ಗಮನಿಸಬೇಕಾದದ್ದು. ಕ್ಲಾಕ್ ಇಳಿದಾಗ ಮಾಸ್ಟರ್ ತೆರೆದು M ಸೊನ್ನೆಯಾಯಿತು. ಅದೇ ಹೊತ್ತಿಗೆ ಸ್ಲೇವ್ ಹಳೆಯ 1ನ್ನು ಹಿಡಿದು ಮುಚ್ಚಿಕೊಂಡದ್ದರಿಂದ ಫಾಲಿಂಗ್ ಎಡ್ಜ್‌ನಲ್ಲಿ Q ಬದಲಾಗಲಿಲ್ಲ. ಆ ಸೊನ್ನೆ Qಗೆ ಬರುವುದು 150ರಲ್ಲಿ. ಒಂದೇ ಲ್ಯಾಚ್ ಇದ್ದಿದ್ದರೆ 70, 80, 90ರಲ್ಲಿ Q ಕೂಡ Dಯ ಜೊತೆ ಕುಣಿಯುತ್ತಿತ್ತು.

## ಇದರಲ್ಲಿ ಎಡ್ಜ್ ಅನ್ನು ಪತ್ತೆ ಹಚ್ಚುವ ಭಾಗ ಯಾವುದು?

ಅಂಥ ಭಾಗವೇ ಇಲ್ಲ. ಒಳಗಿರುವ ಎರಡೂ ಲ್ಯಾಚ್‌ಗಳಿಗೆ ಎಡ್ಜ್ ಎಂದರೇನೆಂದೇ ತಿಳಿಯದು, ಅವು ನೋಡುವುದು ಮಟ್ಟವನ್ನು ಮಾತ್ರ. ಹೊರಗಿನಿಂದ ನೋಡುವವರಿಗೆ ಎಡ್ಜ್ ಎಂದು ಕಾಣುವುದು ಮಾಸ್ಟರ್ ಮುಚ್ಚಿ ಸ್ಲೇವ್ ತೆರೆಯುವ ಆ ಹಸ್ತಾಂತರದ ಗಳಿಗೆ.

ಇದೊಂದು ಮನಸ್ಸಿನಲ್ಲಿ ಕೂತರೆ ಸೆಟಪ್ ಟೈಮ್, ಹೋಲ್ಡ್ ಟೈಮ್, ಕ್ಲಾಕ್ ಎಷ್ಟು ಚುರುಕಾಗಿ ಏರಬೇಕು ಎನ್ನುವ ಷರತ್ತು, ಎಲ್ಲವೂ ತಾವಾಗಿ ಅರ್ಥವಾಗುತ್ತವೆ. ಹಸ್ತಾಂತರಕ್ಕೆ ಒಂದಿಷ್ಟು ಕಾಲ ಹಿಡಿಯುತ್ತದೆ, ಆ ಕಾಲದಲ್ಲಿ ಏನೇನು ಎಡವಟ್ಟಾಗಬಹುದು ಎನ್ನುವುದೇ ಡೇಟಾಶೀಟ್‌ನ ಟೈಮಿಂಗ್ ಪುಟ.

## ಫಾಲಿಂಗ್ ಎಡ್ಜ್‌ನದು ಬೇಕಾದರೆ?

ಇನ್ವರ್ಟರನ್ನು ಮಾಸ್ಟರ್‌ನಿಂದ ತೆಗೆದು ಸ್ಲೇವ್‌ಗೆ ಹಾಕಿ.

## ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ ನೋಡಬಹುದೇ?

ಖಂಡಿತ. ಇದಕ್ಕೆ ಹೇಳಿ ಮಾಡಿಸಿದ ಐಸಿ 74HC75. ಒಳಗೆ ನಾಲ್ಕು ಡಿ ಲ್ಯಾಚ್‌ಗಳಿವೆ, ಎರಡೆರಡಕ್ಕೆ ಒಂದೊಂದು ಎನೇಬಲ್. ಹಾಗಾಗಿ ಮಾಸ್ಟರ್ ಮತ್ತು ಸ್ಲೇವ್ ಎರಡೂ ಒಂದೇ ಐಸಿಯಲ್ಲಿ ಸಿಗುತ್ತವೆ. ಜೊತೆಗೆ ಇನ್ವರ್ಟರ್‌ಗಾಗಿ ಒಂದು 74HC04.

ಮೊದಲು ಒಂದು ಎಚ್ಚರಿಕೆ: ಈ ಐಸಿಯ ಪವರ್ ಪಿನ್‌ಗಳು ಮೂಲೆಯಲ್ಲಿಲ್ಲ. 5 ವೋಲ್ಟ್ ಪಿನ್ 5ಕ್ಕೆ, ಗ್ರೌಂಡ್ ಪಿನ್ 12ಕ್ಕೆ. ಅಭ್ಯಾಸಬಲದಿಂದ 16 ಮತ್ತು 8ಕ್ಕೆ ಕೊಟ್ಟರೆ ಎರಡು ಔಟ್‌ಪುಟ್‌ಗಳನ್ನು ಸಪ್ಲೈಗೆ ಕಟ್ಟಿದಂತಾಗುತ್ತದೆ. 5 ಮತ್ತು 12ರ ನಡುವೆ ಆದಷ್ಟು ಹತ್ತಿರದಲ್ಲಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ.

ಮಾಸ್ಟರ್‌ಗೆ ಮೊದಲನೆಯ ಲ್ಯಾಚ್: ಪಿನ್ 2 ಅದರ D, ಪಿನ್ 16 ಅದರ Q, ಅದೇ ನಮ್ಮ M. ಸ್ಲೇವ್‌ಗೆ ಮೂರನೆಯ ಲ್ಯಾಚ್: ಪಿನ್ 6 ಇನ್‌ಪುಟ್, ಪಿನ್ 10 Q, ಪಿನ್ 11 ಅದರ ವಿಲೋಮ. 16ರಿಂದ 6ಕ್ಕೆ ಒಂದು ತಂತಿ. ಕ್ಲಾಕ್ ನೇರವಾಗಿ ಪಿನ್ 4ಕ್ಕೆ, ಅದು ಸ್ಲೇವ್‌ನ ಎನೇಬಲ್. ಅದೇ ಕ್ಲಾಕ್ 74HC04ನ ಒಂದು ಗೇಟ್ ದಾಟಿ ಪಿನ್ 13ಕ್ಕೆ, ಅದು ಮಾಸ್ಟರ್‌ನದು. ಬಳಸದ D ಪಿನ್‌ಗಳಾದ 3 ಮತ್ತು 7ನ್ನೂ, ಇನ್ವರ್ಟರ್‌ನ ಖಾಲಿ ಇನ್‌ಪುಟ್‌ಗಳನ್ನೂ ಗ್ರೌಂಡ್‌ಗೆ ಕಟ್ಟಿ. M ಮತ್ತು Q ಎರಡಕ್ಕೂ ಒಂದು ಕಿಲೋಓಮ್ ರೆಸಿಸ್ಟರ್ ಜೊತೆ ಎಲ್ಇಡಿ ಹಾಕಿ.

ಕ್ಲಾಕನ್ನು ಲೋಗೆ ಇಟ್ಟು Dಯ ತಂತಿಯನ್ನು ಗ್ರೌಂಡ್‌ಗೂ 5 ವೋಲ್ಟ್‌ಗೂ ಅದಲುಬದಲು ಮಾಡಿ. Mನ ಎಲ್ಇಡಿ ಅದರ ಜೊತೆಗೇ ಹತ್ತಿ ಆರುತ್ತದೆ, Qನದು ಮಿಸುಕುವುದಿಲ್ಲ. ಕ್ಲಾಕನ್ನು ಹೈ ಮಾಡಿದ ಕೂಡಲೇ Q ಬಂದು Mಗೆ ಸಮನಾಗುತ್ತದೆ. ಆಮೇಲೆ D ಏನೇ ಮಾಡಿದರೂ ಎರಡೂ ನಿಶ್ಚಲ. ಮೇಲಿನ ಪಟ್ಟಿಯನ್ನು ಕಣ್ಣಾರೆ ನೋಡಿದಂತೆ.

ಕ್ಲಾಕ್‌ಗೆ ಬರಿಯ ಪುಶ್ ಬಟನ್ ಹಾಕಬೇಡಿ. ಒತ್ತಿದಾಗ ಅದು ಹಲವು ಸಲ ಪುಟಿಯುತ್ತದೆ, ಪ್ರತಿ ಪುಟಿತವೂ ಒಂದು ಎಡ್ಜ್. 555ರಿಂದ ಒಂದು ಹರ್ಟ್ಸ್ ಕ್ಲಾಕ್ ಮಾಡಿಕೊಂಡರೆ ನೆಮ್ಮದಿ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಹುಡುಕಿಯೂ 74HC75 ಸಿಗದಿದ್ದರೆ ಎರಡು CD4042 ತನ್ನಿ. ಅದರಲ್ಲಿ ಪೋಲಾರಿಟಿ ಪಿನ್ ಇದೆ: ಅದನ್ನು ಲೋಗೆ ಕಟ್ಟಿದ ಐಸಿ ಕ್ಲಾಕ್ ಲೋ ಇದ್ದಾಗ ತೆರೆಯುತ್ತದೆ, ಹೈಗೆ ಕಟ್ಟಿದ್ದು ಹೈ ಇದ್ದಾಗ. ಹೊರಗೆ ಇನ್ವರ್ಟರ್ ಬೇಕಾಗುವುದೇ ಇಲ್ಲ.

## ಇನ್ವರ್ಟರ್‌ಗೂ ತಡ ಇದೆಯಲ್ಲ, ಆ ಹೊತ್ತಿನಲ್ಲಿ ಎರಡೂ ಲ್ಯಾಚ್ ತೆರೆದಿರುವುದಿಲ್ಲವೇ?

ತೆರೆದಿರುತ್ತವೆ. ಇಡೀ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ನಮ್ಮ ಬ್ರೆಡ್‌ಬೋರ್ಡ್ ಸರ್ಕ್ಯೂಟನ್ನೇ ನೋಡೋಣ. ಕ್ಲಾಕ್ ಏರಿದ ಕೂಡಲೇ ಸ್ಲೇವ್ ತೆರೆಯುತ್ತದೆ. ಮಾಸ್ಟರ್‌ಗೆ ಮುಚ್ಚುವ ಸುದ್ದಿ ತಲುಪುವುದು ಇನ್ವರ್ಟರ್ ದಾಟಿದ ಮೇಲೆ, 74HC04ರಲ್ಲಿ 5 ವೋಲ್ಟ್‌ಗೆ ಸುಮಾರು 7 ನ್ಯಾನೋಸೆಕೆಂಡ್ ತಡವಾಗಿ. ಅಷ್ಟು ಹೊತ್ತು ಎರಡೂ ತೆರೆದಿವೆ, D ನೇರವಾಗಿ Qಗೆ ಹರಿಯಬಹುದು. ಕ್ಲಾಕ್ ಇಳಿಯುವಾಗ ತೊಂದರೆ ಇಲ್ಲ: ಸ್ಲೇವ್ ಮೊದಲು ಮುಚ್ಚುತ್ತದೆ, ಮಾಸ್ಟರ್ ನಿಧಾನವಾಗಿ ತೆರೆಯುತ್ತದೆ.

ಹಾಗಿದ್ದೂ ಸರ್ಕ್ಯೂಟ್ ಕೆಲಸ ಮಾಡುವುದೇಕೆ? ಪಿನ್ 11ನ್ನು ಪಿನ್ 2ಕ್ಕೆ ಕಟ್ಟಿ ಎರಡರಿಂದ ಭಾಗಿಸುವ ಸರ್ಕ್ಯೂಟ್ ಮಾಡಿ. ಕ್ಲಾಕ್ ಏರಿ ಸ್ಲೇವ್‌ನ ಔಟ್‌ಪುಟ್ ಬದಲಾಗಲು ಸುಮಾರು 11 ನ್ಯಾನೋಸೆಕೆಂಡ್ ಬೇಕು. ಆ ಹೊಸ ಬೆಲೆ Dಗೆ ಬಂದು ಮುಟ್ಟುವ ಹೊತ್ತಿಗೆ, ಅಂದರೆ 7 ಕಳೆದು 11 ಆಗುವಷ್ಟರಲ್ಲಿ, ಮಾಸ್ಟರ್ ಮುಚ್ಚಿಯಾಗಿದೆ. ನಾಲ್ಕು ನ್ಯಾನೋಸೆಕೆಂಡ್‌ನ ಅಂತರದಲ್ಲಿ ಬಚಾವು.

ಈ ಅಂತರವನ್ನು ಬೇಕೆಂದೇ ಕೆಡಿಸಿ ನೋಡುವುದು ಒಳ್ಳೆಯ ಪ್ರಯೋಗ. 74HC04ರಲ್ಲಿ ಆರು ಗೇಟ್‌ಗಳಿವೆ. ಒಂದರ ಬದಲು ಐದನ್ನು ಸಾಲಾಗಿ ಹಾಕಿ ಮಾಸ್ಟರ್‌ಗೆ ಕೊಡಿ. ತರ್ಕದ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ, ಐದು ಸಲ ತಿರುಗಿಸಿದರೂ ಒಂದು ಸಲ ತಿರುಗಿಸಿದಂತೆಯೇ. ಆದರೆ ತಡ 35 ನ್ಯಾನೋಸೆಕೆಂಡ್ ಆಯಿತು. Q 11ಕ್ಕೆ ತಿರುಗುತ್ತದೆ, ಆ ಬದಲಾವಣೆ ಇನ್ನೂ ತೆರೆದಿರುವ ಮಾಸ್ಟರ್ ದಾಟಿ 22ಕ್ಕೆ Mಗೆ ಬರುತ್ತದೆ, 33ಕ್ಕೆ Q ಮತ್ತೆ ತಿರುಗುತ್ತದೆ. ಒಂದೇ ಎಡ್ಜ್‌ಗೆ ಎರಡು ಸಲ. 35ಕ್ಕೆ ಮಾಸ್ಟರ್ ಮುಚ್ಚುವಾಗ D ಈಗಷ್ಟೇ ಬದಲಾಗಿರುತ್ತದೆ, ಹಾಗಾಗಿ ಮೂರನೆಯ ಸಲವೂ ತಿರುಗೀತೋ ಇಲ್ಲವೋ ಹೇಳಲಾಗದು. ಎಲ್ಇಡಿ ಎರಡು ಕ್ಲಾಕ್‌ಗೊಮ್ಮೆ ಮಿನುಗುವ ಬದಲು ಲೆಕ್ಕ ತಪ್ಪಿ ಮಿನುಗುತ್ತದೆ, ಇಲ್ಲವೇ ಒಂದೇ ಸ್ಥಿತಿಯಲ್ಲಿ ನಿಂತಂತೆ ಕಾಣುತ್ತದೆ. ತರ್ಕ ಸರಿ, ಸರ್ಕ್ಯೂಟ್ ತಪ್ಪು. ಇಂಥದ್ದನ್ನೇ ರೇಸ್ ಎನ್ನುವುದು.

ಚಿಪ್‌ನ ಒಳಗೆ ಇದನ್ನು ತಡೆಯಲು ಪ್ರತಿ ಫ್ಲಿಪ್-ಫ್ಲಾಪ್ ತನ್ನ ಕ್ಲಾಕ್ ಇನ್ವರ್ಟರ್‌ಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಕ್ಲಾಕ್ ಮತ್ತು ಅದರ ವಿಲೋಮವನ್ನು ದೂರದಿಂದ ಎರಡು ತಂತಿಗಳಲ್ಲಿ ಎಳೆದು ತಂದರೆ ಒಂದು ತಡವಾದೀತು ಎನ್ನುವ ಭಯ. ಇನ್ನೊಂದು ದಾರಿ, ಒಂದಕ್ಕೊಂದು ಮೇಲೆ ಬೀಳದ ಎರಡು ಬೇರೆ ಬೇರೆ ಕ್ಲಾಕ್‌ಗಳನ್ನು ಕೊಡುವುದು: ಮೊದಲನೆಯದು ಪೂರ್ತಿ ಇಳಿದು ತುಸು ಬಿಡುವು ಕೊಟ್ಟ ಮೇಲೆ ಎರಡನೆಯದು ಏರುತ್ತದೆ. ಹಳೆಯ ಮೈಕ್ರೊಪ್ರೊಸೆಸರ್‌ಗಳಲ್ಲಿ ಎರಡು ಫೇಸ್‌ನ ಕ್ಲಾಕ್ ಎಂದು ಓದಿದ್ದರೆ, ಅದು ಈ ಏರ್ಪಾಡೇ.

## ಕ್ಲಾಕ್ ನಿಧಾನವಾಗಿ ಏರಿದರೆ ಏನಾಗುತ್ತದೆ? ಹೇಗೂ ಮಟ್ಟ ನೋಡುವ ಲ್ಯಾಚ್‌ಗಳೇ ಅಲ್ಲವೇ?

ಮಟ್ಟ ನೋಡುವವು ಎಂಬ ಕಾರಣಕ್ಕೇ ತೊಂದರೆ. ಸ್ಲೇವ್ ತೆರೆಯುವ ವೋಲ್ಟೇಜೂ ಇನ್ವರ್ಟರ್ ತಿರುಗುವ ವೋಲ್ಟೇಜೂ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಸ್ಲೇವ್ 2.4 ವೋಲ್ಟ್‌ಗೆ ತೆರೆಯುತ್ತದೆ, ಇನ್ವರ್ಟರ್ 2.6ಕ್ಕೆ ತಿರುಗುತ್ತದೆ ಎಂದುಕೊಳ್ಳಿ. ಕ್ಲಾಕ್ ಈ ಎರಡರ ನಡುವೆ ಇರುವಷ್ಟು ಹೊತ್ತೂ ಎರಡೂ ಲ್ಯಾಚ್ ತೆರೆದಿರುತ್ತವೆ. ದೊಡ್ಡ ಕೆಪಾಸಿಟರ್ ಹಾಕಿದ ಬಟನ್‌ನಿಂದ ಬರುವ ಕ್ಲಾಕ್ 5 ವೋಲ್ಟ್ ಏರಲು ಒಂದು ಮಿಲಿಸೆಕೆಂಡ್ ತೆಗೆದುಕೊಂಡರೆ, ಆ 0.2 ವೋಲ್ಟ್ ದಾಟಲು 40 ಮೈಕ್ರೋಸೆಕೆಂಡ್ ಬೇಕು. ಲೂಪ್ 22 ನ್ಯಾನೋಸೆಕೆಂಡಿಗೊಮ್ಮೆ ತಿರುಗುವಂಥದ್ದು, ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸಲ ತಿರುಗಿಬಿಡಬಹುದು.

ನಿಮ್ಮ ಕೈಗೆ ಬಂದ ಐಸಿಗಳಲ್ಲಿ ಇನ್ವರ್ಟರ್ ಮೊದಲು ತಿರುಗುವಂತಿದ್ದರೆ ಏನೂ ಕೆಡದೆ ಕೆಲಸ ಮಾಡಿಬಿಡುತ್ತದೆ, ಗೆಳೆಯನ ಬೋರ್ಡ್‌ನಲ್ಲಿ ಅದೇ ಸರ್ಕ್ಯೂಟ್ ಹುಚ್ಚೆದ್ದು ಕುಣಿಯುತ್ತದೆ. ಅದಕ್ಕೇ 74HC ಕುಟುಂಬದ ಡೇಟಾಶೀಟ್‌ಗಳಲ್ಲಿ 4.5 ವೋಲ್ಟ್‌ಗೆ ಇನ್‌ಪುಟ್ ಏರುವ ಕಾಲ 500 ನ್ಯಾನೋಸೆಕೆಂಡ್ ದಾಟಬಾರದು ಎಂಬ ಮಿತಿ ಇರುವುದು. ಪರಿಹಾರ ಸುಲಭ: ನಿಧಾನದ ಕ್ಲಾಕನ್ನು ಮೊದಲು 74HC14ನ ಒಂದು ಶ್ಮಿಟ್ ಗೇಟ್ ದಾಟಿಸಿ ಚುರುಕು ಮಾಡಿ, ಆ ಮೇಲೆ ಎರಡು ದಾರಿಗೆ ಹಂಚಿ. ನಿಧಾನದ ಕ್ಲಾಕನ್ನು ನೇರ ಸ್ಲೇವ್‌ಗೆ ಕೊಟ್ಟು, ಮಾಸ್ಟರ್‌ನ ಇನ್ವರ್ಟರ್ ಜಾಗದಲ್ಲಿ ಮಾತ್ರ ಶ್ಮಿಟ್ ಗೇಟ್ ಹಾಕಿದರೆ ಎರಡು ವೋಲ್ಟೇಜ್‌ಗಳ ಅಂತರ ಇನ್ನೂ ದೊಡ್ಡದಾಗಿ ಕೆಲಸ ಕೆಡುತ್ತದೆ.

## ಸೆಟಪ್ ಟೈಮ್, ಹೋಲ್ಡ್ ಟೈಮ್ ಎಲ್ಲಿಂದ ಹುಟ್ಟುತ್ತವೆ?

ಮಾಸ್ಟರ್‌ನ ಒಳಗಿನಿಂದ. ಸಿಮಾಸ್ ಚಿಪ್‌ನಲ್ಲಿ ಲ್ಯಾಚ್ ಹೀಗಿರುತ್ತದೆ: D ಒಂದು ಟ್ರಾನ್ಸ್‌ಮಿಷನ್ ಗೇಟ್ ದಾಟಿ ಒಳಬರುತ್ತದೆ, ಅದು ಕ್ಲಾಕ್‌ನಿಂದ ತೆರೆದು ಮುಚ್ಚುವ ಸ್ವಿಚ್. ಒಳಗೆ ಎರಡು ಇನ್ವರ್ಟರ್‌ಗಳು ಉಂಗುರದಂತೆ ಕೂಡಿವೆ. ಉಂಗುರ ಪೂರ್ತಿಯಾಗುವ ಜಾಗದಲ್ಲಿ ಇನ್ನೊಂದು ಟ್ರಾನ್ಸ್‌ಮಿಷನ್ ಗೇಟ್ ಇದ್ದು, ಮೊದಲನೆಯದು ಮುಚ್ಚಿದಾಗ ಅದು ತೆರೆದು ಬೆಲೆಯನ್ನು ಸುತ್ತಲು ಬಿಡುತ್ತದೆ. ಇಂಥವು ಎರಡು ಸೇರಿದರೆ ನಾಲ್ಕು ಟ್ರಾನ್ಸ್‌ಮಿಷನ್ ಗೇಟ್, ನಾಲ್ಕು ಇನ್ವರ್ಟರ್, ಜೊತೆಗೆ ಕ್ಲಾಕ್‌ಗೆ ಎರಡು ಇನ್ವರ್ಟರ್: ಒಟ್ಟು 20 ಟ್ರಾನ್ಸಿಸ್ಟರ್. CD4013ನ ಡೇಟಾಶೀಟ್ ತೆರೆದರೆ ಸೆಟ್, ರೀಸೆಟ್‌ಗಾಗಿ ಇನ್ವರ್ಟರ್‌ಗಳ ಜಾಗದಲ್ಲಿ ನಾರ್ ಗೇಟ್‌ಗಳಿರುವ ಇದೇ ಚಿತ್ರ ಸಿಗುತ್ತದೆ.

ಈಗ D ಬದಲಾಯಿತು ಎನ್ನಿ. ಅದು ಸ್ವಿಚ್ ದಾಟಿ, ಎರಡೂ ಇನ್ವರ್ಟರ್ ದಾಟಿ, ಉಂಗುರದ ಕೊನೆಯವರೆಗೆ ಬಂದಿರಬೇಕು. ಅಷ್ಟರೊಳಗೆ ಕ್ಲಾಕ್ ಏರಿ ಉಂಗುರ ಕೂಡಿದರೆ ಒಂದು ತುದಿಯಲ್ಲಿ ಹೊಸ ಬೆಲೆ, ಇನ್ನೊಂದರಲ್ಲಿ ಹಳೆಯದು, ಎರಡಕ್ಕೂ ಜಗಳ. ಆದ್ದರಿಂದ ಕ್ಲಾಕ್ ಏರುವ ಮೊದಲು D ಇಷ್ಟು ಹೊತ್ತು ಸ್ಥಿರವಾಗಿರಬೇಕು ಎಂಬ ಷರತ್ತು. ಅದು ಸೆಟಪ್. ಕ್ಲಾಕ್ ಏರಿದ ಮೇಲೂ ಬಾಗಿಲ ಸ್ವಿಚ್ ಪೂರ್ತಿ ಮುಚ್ಚಲು ತುಸು ಹೊತ್ತು ಬೇಕು, ಅಷ್ಟರವರೆಗೆ D ಅಲ್ಲಾಡಬಾರದು. ಅದು ಹೋಲ್ಡ್. ನಮ್ಮ ಬ್ರೆಡ್‌ಬೋರ್ಡ್‌ನ 7 ನ್ಯಾನೋಸೆಕೆಂಡ್ ಇನ್ವರ್ಟರ್ ಹಿಗ್ಗಿಸಿದ್ದು ಇದನ್ನೇ.

ಕ್ಲಾಕ್‌ನಿಂದ Qವರೆಗಿನ ತಡಕ್ಕೆ ಮಾಸ್ಟರ್‌ನ ಸಂಬಂಧ ಇಲ್ಲ, ಅದು ಸ್ಲೇವ್‌ನ ಲೆಕ್ಕ. M ಮೊದಲೇ ಸಿದ್ಧವಾಗಿ ಬಾಗಿಲಲ್ಲಿ ಕಾಯುತ್ತಿರುತ್ತದೆ.

## ಸರ್ಕ್ಯೂಟ್ ಕೆಟ್ಟಾಗ ಸೆಟಪ್ ಸಮಸ್ಯೆಯೋ ಹೋಲ್ಡ್ ಸಮಸ್ಯೆಯೋ ಹೇಗೆ ತಿಳಿಯುವುದು?

ಕ್ಲಾಕ್ ನಿಧಾನ ಮಾಡಿ ನೋಡಿ. ಸರಿಹೋದರೆ ಸೆಟಪ್. ಒಂದು ಹರ್ಟ್ಸ್‌ಗೆ ಇಳಿಸಿದರೂ ತಪ್ಪು ಹಾಗೇ ಉಳಿದರೆ ಹೋಲ್ಡ್ ಮೇಲೆ ಅನುಮಾನ ಪಡಿ.

ಕಾರಣ ಒಂದು ಶಿಫ್ಟ್ ರಿಜಿಸ್ಟರ್‌ನಲ್ಲಿ ಸ್ಪಷ್ಟವಾಗುತ್ತದೆ. ಎರಡು ಫ್ಲಿಪ್-ಫ್ಲಾಪ್ ಸಾಲಾಗಿವೆ. ಮೊದಲನೆಯದು ಕ್ಲಾಕ್ ಬಂದ 5 ನ್ಯಾನೋಸೆಕೆಂಡಿಗೆ ಹೊಸ ಬೆಲೆ ಹೊರಹಾಕುತ್ತದೆ. ಉದ್ದ ತಂತಿಯಿಂದಲೋ ನಡುವಿನ ಬಫರ್‌ನಿಂದಲೋ ಎರಡನೆಯದಕ್ಕೆ ಕ್ಲಾಕ್ 8 ನ್ಯಾನೋಸೆಕೆಂಡ್ ತಡವಾಗಿ ಬರುತ್ತದೆ. ಎರಡನೆಯದರ ಮಾಸ್ಟರ್ ಇನ್ನೂ ತೆರೆದಿರುವಾಗಲೇ ಹೊಸ ಬಿಟ್ ಒಳನುಗ್ಗಿ, ಹಿಡಿಯಬೇಕಿದ್ದ ಹಳೆಯದನ್ನು ಅಳಿಸಿಬಿಡುತ್ತದೆ. ಒಂದೇ ಕ್ಲಾಕ್‌ಗೆ ಬಿಟ್ ಎರಡು ಮನೆ ದಾಟಿತು. ಇದೆಲ್ಲ ನಡೆದದ್ದು ಒಂದೇ ಎಡ್ಜ್‌ನ ಸುತ್ತಮುತ್ತ, ಮುಂದಿನ ಎಡ್ಜ್ ಯಾವಾಗ ಬರುತ್ತದೆ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಕ್ಲಾಕ್ ನಿಧಾನ ಮಾಡಿ ಪ್ರಯೋಜನವಿಲ್ಲ. ಡೇಟಾ ದಾರಿಯಲ್ಲಿ ತಡ ಸೇರಿಸಬೇಕು, ಇಲ್ಲವೇ ಕ್ಲಾಕನ್ನು ಕೊನೆಯ ಫ್ಲಿಪ್-ಫ್ಲಾಪ್ ಕಡೆಯಿಂದ ಹಿಂದಕ್ಕೆ ಎಳೆದು ತರಬೇಕು.

## ಕ್ಲಾಕ್ ಏರುವ ಕ್ಷಣದಲ್ಲೇ D ಬದಲಾದರೆ?

ಮಾಸ್ಟರ್‌ನ ಉಂಗುರ ಸೊನ್ನೆಗೂ ಒಂದಕ್ಕೂ ನಡುವಿನ ವೋಲ್ಟೇಜ್‌ನಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಅದೇ ಮೆಟಾಸ್ಟೇಬಿಲಿಟಿ. ಎರಡು ಇನ್ವರ್ಟರ್‌ಗಳು ಒಂದನ್ನೊಂದು ತಳ್ಳಿ ಕೊನೆಗೆ ಯಾವುದೋ ಒಂದು ಬದಿಗೆ ಬೀಳುತ್ತವೆ, ಆದರೆ ಎಷ್ಟು ಹೊತ್ತಿಗೆ ಎನ್ನುವುದಕ್ಕೆ ಖಾತರಿ ಇಲ್ಲ. ಸ್ಲೇವ್ ಈಗ ತೆರೆದಿರುವುದರಿಂದ ಆ ಗೊಂದಲ Qನಲ್ಲಿ ತಡವಾಗಿ ಬಂದ ಬದಲಾವಣೆಯಾಗಿ ಕಾಣಿಸುತ್ತದೆ.

ಸಮಾಧಾನದ ಸಂಗತಿ ಎಂದರೆ ಕಾದಷ್ಟೂ ಅಪಾಯ ಘಾತೀಯವಾಗಿ ಇಳಿಯುತ್ತದೆ, `exp(-t/τ)` ಲೆಕ್ಕದಲ್ಲಿ. τ 0.1 ನ್ಯಾನೋಸೆಕೆಂಡ್ ಇರುವ ಫ್ಲಿಪ್-ಫ್ಲಾಪ್‌ನಲ್ಲಿ ಒಂದು ನ್ಯಾನೋಸೆಕೆಂಡ್ ಹೆಚ್ಚು ಕಾದರೆ ಅಪಾಯ ಸುಮಾರು 22,000 ಪಟ್ಟು ಕಡಿಮೆಯಾಗುತ್ತದೆ. ಹೊರಗಿನಿಂದ ಬರುವ ಸಿಗ್ನಲ್‌ಗೆ ಒಂದರ ಹಿಂದೆ ಒಂದು ಎರಡು ಫ್ಲಿಪ್-ಫ್ಲಾಪ್ ಇಡುವುದು ಈ ಕಾಯುವ ಸಮಯಕ್ಕಾಗಿ.

## ಲ್ಯಾಬ್‌ನಲ್ಲಿ ಕಟ್ಟಿಸುವ 7476 ಜೆಕೆ ಕೂಡ ಮಾಸ್ಟರ್-ಸ್ಲೇವ್. ಅದೂ ಎಡ್ಜ್-ಟ್ರಿಗರ್ಡ್ ಅಲ್ಲವೇ?

ಅಲ್ಲ. ಪರೀಕ್ಷೆಯಲ್ಲಿ ಬಹಳ ಮಂದಿ ಇಲ್ಲಿ ಜಾರುತ್ತಾರೆ. ಮಾಸ್ಟರ್-ಸ್ಲೇವ್ ಎಂದ ಮಾತ್ರಕ್ಕೆ ಎಡ್ಜ್-ಟ್ರಿಗರ್ಡ್ ಆಗುವುದಿಲ್ಲ; ಮಾಸ್ಟರ್ ಜಾಗದಲ್ಲಿ ಡಿ ಲ್ಯಾಚ್ ಇದ್ದರೆ ಮಾತ್ರ ಆಗುತ್ತದೆ.

ಹಳೆಯ 7476ರಲ್ಲಿ ಮಾಸ್ಟರ್ ಎಸ್ಆರ್ ಮಾದರಿಯದು, ಕ್ಲಾಕ್ ಹೈ ಇದ್ದಾಗ ತೆರೆದಿರುತ್ತದೆ, ಇಳಿದಾಗ ಬೆಲೆ ಸ್ಲೇವ್‌ಗೆ ಹೋಗುತ್ತದೆ. Q ಸೊನ್ನೆ ಇದೆ, J ಮತ್ತು K ಎರಡೂ ಸೊನ್ನೆ. ಕ್ಲಾಕ್ ಹೈ ಇರುವಾಗ Jಯಲ್ಲಿ ಒಂದು ಚಿಕ್ಕ ಗ್ಲಿಚ್ ಬಂದು ಹೋಯಿತು. ಮಾಸ್ಟರ್ ಸೆಟ್ ಆಯಿತು. J ಮತ್ತೆ ಸೊನ್ನೆಗೆ ಬಂದರೂ ಮಾಸ್ಟರ್ ಹಿಂದಿರುಗುವುದಿಲ್ಲ, ಎರಡೂ ಸೊನ್ನೆ ಎಂದರೆ ಇದ್ದದ್ದನ್ನೇ ಇಟ್ಟುಕೋ ಎಂದರ್ಥ. ಕ್ಲಾಕ್ ಇಳಿದಾಗ Q ಒಂದಾಗುತ್ತದೆ, ಆ ಎಡ್ಜ್‌ನಲ್ಲಿ J ಸೊನ್ನೆಯೇ ಇದ್ದರೂ! ಇದಕ್ಕೆ ಒನ್ಸ್ ಕ್ಯಾಚಿಂಗ್ ಎಂಬ ಹೆಸರಿದೆ, ಈ ಜಾತಿಯ ಐಸಿಗಳನ್ನು ಪಲ್ಸ್-ಟ್ರಿಗರ್ಡ್ ಎನ್ನುತ್ತಾರೆ. ಡಿ ಲ್ಯಾಚ್‌ಗೆ ಈ ರೋಗವಿಲ್ಲ, D ಸೊನ್ನೆಗೆ ಮರಳಿದರೆ ಅದು ಮಾಸ್ಟರನ್ನು ತಾನೇ ರೀಸೆಟ್ ಮಾಡುತ್ತದೆ.

74LS76A ಮಾತ್ರ ನಿಜವಾದ ಫಾಲಿಂಗ್ ಎಡ್ಜ್‌ನದು. ಪಿನ್‌ಗಳು ಅವೇ, ನಡತೆ ಬೇರೆ. ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯುವ ಮೊದಲು ಐಸಿ ಮೇಲಿನ ಅಕ್ಷರ ಓದಿ.

## 74LS74 ಒಳಗೂ ಮಾಸ್ಟರ್-ಸ್ಲೇವ್ ಇದೆಯೇ?

ಇಲ್ಲ, ಅಲ್ಲಿ ಮೂರು ಎಸ್ಆರ್ ಲ್ಯಾಚ್‌ಗಳಾಗಿ ಹೆಣೆದ ಆರು ನ್ಯಾಂಡ್ ಗೇಟ್‌ಗಳಿವೆ. ಸಿಮಾಸ್‌ನ 74HC74ರಲ್ಲಿ ಇರುವುದು ಟ್ರಾನ್ಸ್‌ಮಿಷನ್ ಗೇಟ್‌ಗಳ ಜೋಡಿ.

## ವೆರಿಲಾಗ್‌ನಲ್ಲಿ ಬರೆದು ನೋಡಬಹುದೇ?

ಬಹುದು.

```verilog
module dlatch(input en, input d, output reg q);
  always @(*) if (en) q = d;
endmodule

module dff_ms(input clk, input d, output q);
  wire m;
  dlatch master(.en(~clk), .d(d), .q(m));
  dlatch slave (.en(clk),  .d(m), .q(q));
endmodule
```

ಒಂದೇ `dff_ms` ಇಟ್ಟು ಮೇಲಿನ ಪಟ್ಟಿಯ D ಕೊಟ್ಟರೆ ಅದೇ M, 50ರಿಂದ ಮುಂದೆ ಅದೇ Q ಬರುತ್ತದೆ; ಅದಕ್ಕೂ ಮೊದಲು ಸ್ಲೇವ್ ಒಮ್ಮೆಯೂ ತೆರೆದಿಲ್ಲವಾದ್ದರಿಂದ ಸಿಮ್ಯುಲೇಟರ್ Qನ್ನು `x` ಎಂದು ತೋರಿಸುತ್ತದೆ. ಎರಡನ್ನು ಸಾಲಾಗಿ ಜೋಡಿಸಿ ಶಿಫ್ಟ್ ರಿಜಿಸ್ಟರ್ ಮಾಡಿದಾಗ ಮಾತ್ರ ಜೋಕೆ. ಇಲ್ಲಿ ಎಲ್ಲ ತಡವೂ ಸೊನ್ನೆ. ಮೊದಲನೆಯದರ ಸ್ಲೇವ್ ಹೊಸ ಬೆಲೆ ಹೊರಹಾಕುವುದು ಮೊದಲೋ, ಎರಡನೆಯದರ `~clk` ಇಳಿಯುವುದು ಮೊದಲೋ ಎನ್ನುವುದು ಸಿಮ್ಯುಲೇಟರ್ ಯಾವ ಸಾಲನ್ನು ಮೊದಲು ಎತ್ತಿಕೊಳ್ಳುತ್ತದೆ ಎನ್ನುವುದರ ಮೇಲೆ ನಿಂತಿದೆ. ಬಿಟ್ ಎರಡು ಮನೆ ಹಾರಿದರೆ ಅದು ಬ್ರೆಡ್‌ಬೋರ್ಡ್‌ನ ಹೋಲ್ಡ್ ತಪ್ಪೇ, ಬೇರೆ ವೇಷದಲ್ಲಿ. ಲ್ಯಾಚ್‌ನಲ್ಲಿ `q = d` ಬದಲು `q <= #1 d` ಎಂದು ತಡ ಕೊಟ್ಟರೆ ಸರಿಹೋಗುತ್ತದೆ. ನಿಜವಾದ ಡಿಸೈನ್‌ಗೆ ಇದನ್ನು ಬಳಸಬೇಡಿ, ಅಲ್ಲಿ `always @(posedge clk) q <= d;` ಬರೆದು ಜೋಡಿಯನ್ನು ಲೈಬ್ರರಿಯ ಸೆಲ್‌ಗೆ ಬಿಡಿ.

## ಫ್ಲಿಪ್-ಫ್ಲಾಪ್ ಬಿಟ್ಟು ಲ್ಯಾಚ್‌ಗಳಲ್ಲೇ ಇಡೀ ಚಿಪ್ ಮಾಡಬಹುದೇ?

ಮಾಡಿದ್ದಾರೆ, ಈಗಲೂ ವೇಗ ಬೇಕಾದಲ್ಲಿ ಮಾಡುತ್ತಾರೆ. ಮಾಸ್ಟರ್ ಮತ್ತು ಸ್ಲೇವ್ ಅಕ್ಕಪಕ್ಕದಲ್ಲೇ ಇರಬೇಕೆಂಬ ನಿಯಮವೇನಿಲ್ಲ. ಅವನ್ನು ದೂರ ಮಾಡಿ ನಡುವೆ ಅರ್ಧದಷ್ಟು ಲಾಜಿಕ್ ತುಂಬಬಹುದು. ಆಗ ಒಂದು ಭಾಗದ ಲಾಜಿಕ್ ತುಸು ತಡ ಮಾಡಿದರೂ ಮುಂದಿನ ಲ್ಯಾಚ್ ಇನ್ನೂ ತೆರೆದಿರುವುದರಿಂದ ಡೇಟಾ ಒಳಸೇರುತ್ತದೆ, ಕಡಿಮೆಯಾದ ಸಮಯವನ್ನು ಮುಂದಿನ ಭಾಗದಿಂದ ಕಡ ತಂದಂತೆ. ಟೈಮ್ ಬಾರೋಯಿಂಗ್ ಎನ್ನುವುದು ಇದನ್ನೇ. ಫ್ಲಿಪ್-ಫ್ಲಾಪ್‌ನಲ್ಲಿ ಈ ಸೌಲಭ್ಯವಿಲ್ಲ, ಎಡ್ಜ್ ತಪ್ಪಿದರೆ ತಪ್ಪಿತು.

ಪ್ರತಿಯಾಗಿ ಟೈಮಿಂಗ್ ಲೆಕ್ಕ ಜಟಿಲವಾಗುತ್ತದೆ, ಒಂದು ದಾರಿಯ ಕಡ ಮುಂದಿನ ನಾಲ್ಕು ದಾರಿಗಳಿಗೆ ಹರಡುತ್ತದೆ. ಎಫ್‌ಪಿಜಿಎ ಮೇಲೆ ಕೆಲಸ ಮಾಡುವವರಿಗೆ ಈ ಲಾಭ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಲ್ಲಿ ಟೂಲ್ `inferred latch` ಎಂದು ಎಚ್ಚರಿಸಿದರೆ, ಬಹುಪಾಲು ಸಲ ನೀವು ಯಾವುದೋ `if`ಗೆ `else` ಬರೆಯುವುದನ್ನು ಮರೆತಿದ್ದೀರಿ ಎಂದೇ ಅರ್ಥ.